ಬ್ರ್ಯಾಕೆಟ್ ಕ್ರೀಪ್

ಬ್ರ್ಯಾಕೆಟ್ ಕ್ರೀಪ್ ಎಂಬುದು ಹಣದುಬ್ಬರದ ಕಾರಣದಿಂದ ಜನರ ಆದಾಯವು ಆದಾಯ ತೆರಿಗೆಯ ಮೇಲಿನ ಸ್ಲ್ಯಾಬ್‌ಗಳಿಗೆ ಜಾರುತ್ತಾ ಹೋಗುವ ಪ್ರಕ್ರಿಯೆಯಾಗಿದೆ. ಬೆಲೆಗಳು ಏರಿದಂತೆ ಸಂಬಳವೂ ಅಷ್ಟೇ ಪ್ರಮಾಣದಲ್ಲಿ ಏರಿದರೆ ವ್ಯಕ್ತಿಯ ಕೊಳ್ಳುವ ಶಕ್ತಿ ಹೆಚ್ಚುವುದಿಲ್ಲ. ಆದರೆ ತೆರಿಗೆಯ ಸ್ಲ್ಯಾಬ್‌ಗಳನ್ನು ಕಾನೂನಿನಲ್ಲಿ ನಿಗದಿತ ರೂಪಾಯಿಗಳಲ್ಲಿ ಬರೆದಿಟ್ಟಿರುವುದರಿಂದ, ಅದೇ ವ್ಯಕ್ತಿಯು ತನ್ನ ಆದಾಯದ ಹೆಚ್ಚಿನ ಪಾಲನ್ನು ತೆರಿಗೆಯಾಗಿ ಕಟ್ಟಬೇಕಾಗುತ್ತದೆ. ತೆರಿಗೆಯ ದರವನ್ನು ಏರಿಸುವ ಯಾವುದೇ ಮಸೂದೆ ಮಂಡನೆಯಾಗದಿದ್ದರೂ ತೆರಿಗೆಯ ಹೊರೆ ಏರುವುದು ಇದರ ಮುಖ್ಯ ಲಕ್ಷಣವಾಗಿದೆ.

ಸ್ಲ್ಯಾಬ್‌ಗಳ ಮಿತಿಗಳನ್ನು ಪ್ರತಿ ವರ್ಷ ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ತಾನಾಗಿಯೇ ಏರುವಂತೆ ಮಾಡುವುದು ಇದಕ್ಕೆ ನೇರವಾದ ಪರಿಹಾರವಾಗಿದೆ. ಇದನ್ನು ಸ್ಲ್ಯಾಬ್‌ಗಳ ಇಂಡೆಕ್ಸೇಶನ್ ಅಥವಾ ಸೂಚ್ಯಂಕ ಜೋಡಣೆ ಎನ್ನುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ಈ ಪದ್ಧತಿಯನ್ನು ಅನುಸರಿಸುತ್ತವೆ. ಭಾರತದಲ್ಲಿ ಸ್ಲ್ಯಾಬ್‌ಗಳು ಸೂಚ್ಯಂಕಕ್ಕೆ ಜೋಡಣೆಯಾಗಿಲ್ಲ. ಅವು ಬಜೆಟ್‌ನಲ್ಲಿ ಸರ್ಕಾರವು ತೀರ್ಮಾನಿಸಿದಾಗ ಮಾತ್ರ ಬದಲಾಗುತ್ತವೆ.

## ಕಾರ್ಯವಿಧಾನ

ಸ್ಲ್ಯಾಬ್ ಪದ್ಧತಿಯಲ್ಲಿ ಆದಾಯವನ್ನು ಹಲವು ಭಾಗಗಳಾಗಿ ವಿಂಗಡಿಸಿ ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ದರದಲ್ಲಿ ತೆರಿಗೆ ವಿಧಿಸಲಾಗುತ್ತದೆ. ಮೊದಲ ಭಾಗಕ್ಕೆ ತೆರಿಗೆ ಇರುವುದಿಲ್ಲ. ನಂತರದ ಭಾಗಗಳಿಗೆ ದರವು ಹಂತಹಂತವಾಗಿ ಏರುತ್ತದೆ. ಮೇಲಿನ ಸ್ಲ್ಯಾಬ್‌ಗೆ ಕಾಲಿಟ್ಟ ಕೂಡಲೇ ಇಡೀ ಆದಾಯಕ್ಕೆ ಮೇಲಿನ ದರ ಅನ್ವಯವಾಗುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ. ಮಿತಿಯನ್ನು ದಾಟಿದ ಹಣಕ್ಕೆ ಮಾತ್ರ ಮೇಲಿನ ದರ ಅನ್ವಯಿಸುತ್ತದೆ.

ಇಲ್ಲಿ ಎರಡು ದರಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಕೊನೆಯ ರೂಪಾಯಿಯ ಮೇಲೆ ಬೀಳುವ ದರವನ್ನು ಸೀಮಾಂತ ದರ ಎನ್ನುತ್ತಾರೆ. ಒಟ್ಟು ತೆರಿಗೆಯನ್ನು ಒಟ್ಟು ಆದಾಯದಿಂದ ಭಾಗಿಸಿದಾಗ ದೊರೆಯುವುದು ಸರಾಸರಿ ದರ. ಹಣದುಬ್ಬರವು ಈ ಎರಡನ್ನೂ ಏರಿಸಬಲ್ಲದು. ಆದಾಯವು ಮಿತಿಯೊಂದನ್ನು ದಾಟಿದಾಗ ಸೀಮಾಂತ ದರ ಏರುತ್ತದೆ. ಮಿತಿಯನ್ನು ದಾಟದಿದ್ದರೂ ಸರಾಸರಿ ದರ ಏರುತ್ತದೆ. ಇದಕ್ಕೆ ಕಾರಣವೆಂದರೆ ತೆರಿಗೆಯಿಲ್ಲದ ಮೊದಲ ಭಾಗ ಮತ್ತು ಕಡಿಮೆ ದರದ ಭಾಗಗಳು ರೂಪಾಯಿಯಲ್ಲಿ ಇದ್ದಷ್ಟೇ ಉಳಿಯುತ್ತವೆ. ಹೆಚ್ಚಿದ ಆದಾಯವೆಲ್ಲ ವ್ಯಕ್ತಿಯು ಈಗಾಗಲೇ ತಲುಪಿರುವ ಅತ್ಯಧಿಕ ದರದ ಭಾಗಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ಸ್ಲ್ಯಾಬ್ ಬದಲಾಗದವರಿಗೆ ಬ್ರ್ಯಾಕೆಟ್ ಕ್ರೀಪ್ ತಟ್ಟುವುದಿಲ್ಲ ಎನ್ನಲಾಗದು.

ಸರ್ಕಾರಿ ನೌಕರರ ತುಟ್ಟಿಭತ್ಯೆಯು ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕೇಂದ್ರ ಸರ್ಕಾರದ ನೌಕರರಿಗೆ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಆಧಾರದ ಮೇಲೆ ಜನವರಿ ಮತ್ತು ಜುಲೈ ತಿಂಗಳುಗಳಿಂದ ಅನ್ವಯವಾಗುವಂತೆ ವರ್ಷಕ್ಕೆ ಎರಡು ಬಾರಿ ತುಟ್ಟಿಭತ್ಯೆಯನ್ನು ಪರಿಷ್ಕರಿಸಲಾಗುತ್ತದೆ. ಬೆಲೆ ಏರಿಕೆಯಿಂದಾದ ನಷ್ಟವನ್ನು ತುಂಬಿಕೊಡುವುದಷ್ಟೇ ಅದರ ಉದ್ದೇಶವಾಗಿದೆ. ಆದರೆ ತುಟ್ಟಿಭತ್ಯೆಯು ಪೂರ್ಣವಾಗಿ ತೆರಿಗೆಗೆ ಒಳಪಡುವ ಆದಾಯ. ಸಂಬಳವು ಸೂಚ್ಯಂಕಕ್ಕೆ ಜೋಡಣೆಯಾಗಿದ್ದು, ಸ್ಲ್ಯಾಬ್ ಮಾತ್ರ ಜೋಡಣೆಯಾಗದಿರುವುದರಿಂದ ಪರಿಹಾರವಾಗಿ ಬಂದ ಹಣದ ಒಂದು ಭಾಗವು ಅತ್ಯಧಿಕ ದರದಲ್ಲಿ ತೆರಿಗೆಯಾಗಿ ಹಿಂದಿರುಗುತ್ತದೆ.

## ಭಾರತದ ಉದಾಹರಣೆ: 2012–13ರಿಂದ 2024–25

2012–13ರ ಹಣಕಾಸು ವರ್ಷದಲ್ಲಿ 60 ವರ್ಷದೊಳಗಿನವರಿಗೆ 2 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇರಲಿಲ್ಲ. 2 ರಿಂದ 5 ಲಕ್ಷದವರೆಗಿನ ಭಾಗಕ್ಕೆ ಶೇಕಡಾ 10, 5 ರಿಂದ 10 ಲಕ್ಷದವರೆಗಿನ ಭಾಗಕ್ಕೆ ಶೇಕಡಾ 20 ಹಾಗೂ 10 ಲಕ್ಷಕ್ಕೆ ಮೇಲ್ಪಟ್ಟ ಭಾಗಕ್ಕೆ ಶೇಕಡಾ 30 ದರವಿತ್ತು. ಮುಂದೆ 2014ರ ಬಜೆಟ್‌ನಲ್ಲಿ ತೆರಿಗೆಯಿಲ್ಲದ ಮಿತಿಯನ್ನು 2.5 ಲಕ್ಷಕ್ಕೆ ಏರಿಸಲಾಯಿತು. 2017ರಲ್ಲಿ 2.5 ರಿಂದ 5 ಲಕ್ಷದವರೆಗಿನ ದರವನ್ನು ಶೇಕಡಾ 5ಕ್ಕೆ ಇಳಿಸಲಾಯಿತು. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಶೇಕಡಾ 20ರ ದರವು 5 ಲಕ್ಷದಿಂದಲೂ ಶೇಕಡಾ 30ರ ದರವು 10 ಲಕ್ಷದಿಂದಲೂ ಆರಂಭವಾಗುವುದು 2024–25ರಲ್ಲಿಯೂ ಹಾಗೆಯೇ ಉಳಿದಿತ್ತು.

ಈ ಅವಧಿಯ ಬೆಲೆ ಏರಿಕೆಯನ್ನು ಅಳೆಯಲು ತೆರಿಗೆ ಕಾನೂನಿನಲ್ಲಿಯೇ ಒಂದು ಅಳತೆಗೋಲು ಇದೆ. ಆಸ್ತಿಯ ಮಾರಾಟದಿಂದ ಬಂದ ಬಂಡವಾಳ ಲಾಭವನ್ನು ಲೆಕ್ಕ ಹಾಕುವುದಕ್ಕಾಗಿ ಕೇಂದ್ರ ಸರ್ಕಾರವು ಪ್ರತಿ ವರ್ಷ ವೆಚ್ಚ ಹಣದುಬ್ಬರ ಸೂಚ್ಯಂಕವನ್ನು ಅಧಿಸೂಚನೆಯ ಮೂಲಕ ಪ್ರಕಟಿಸುತ್ತದೆ. 2001–02ನ್ನು 100 ಎಂದು ಇಟ್ಟುಕೊಂಡಿರುವ ಈ ಸೂಚ್ಯಂಕವು 2012–13ರಲ್ಲಿ 200 ಇದ್ದುದು 2024–25ರಲ್ಲಿ 363 ಆಯಿತು. ಅಂದರೆ ಈ ಅಳತೆಯ ಪ್ರಕಾರ 2012–13ರ 100 ರೂಪಾಯಿಯು 2024–25ರ 181.50 ರೂಪಾಯಿಗೆ ಸಮ.

2012–13ರಲ್ಲಿ ಎಲ್ಲ ಕಡಿತಗಳ ನಂತರ ಸರಿಯಾಗಿ 10 ಲಕ್ಷ ರೂಪಾಯಿ ತೆರಿಗೆಯೋಗ್ಯ ಆದಾಯವಿದ್ದ ಒಬ್ಬ ವ್ಯಕ್ತಿಯನ್ನು ಪರಿಗಣಿಸಬಹುದು. 3 ಲಕ್ಷಕ್ಕೆ ಶೇಕಡಾ 10ರಂತೆ 30,000 ರೂಪಾಯಿ, 5 ಲಕ್ಷಕ್ಕೆ ಶೇಕಡಾ 20ರಂತೆ 1,00,000 ರೂಪಾಯಿ, ಒಟ್ಟು 1,30,000 ರೂಪಾಯಿ ತೆರಿಗೆಯಾಗುತ್ತಿತ್ತು. ಸರಾಸರಿ ದರ ಶೇಕಡಾ 13. ಆ ವ್ಯಕ್ತಿಯ ಒಂದು ರೂಪಾಯಿಯೂ ಶೇಕಡಾ 30ರ ಸ್ಲ್ಯಾಬ್‌ನಲ್ಲಿ ಇರಲಿಲ್ಲ.

ಹನ್ನೆರಡು ವರ್ಷಗಳಲ್ಲಿ ಅವರ ಆದಾಯವು ಸೂಚ್ಯಂಕದಷ್ಟೇ ಏರಿ 18,15,000 ರೂಪಾಯಿ ಆಗಿದೆ ಎಂದುಕೊಳ್ಳೋಣ. ಕೊಳ್ಳುವ ಶಕ್ತಿಯ ದೃಷ್ಟಿಯಿಂದ ಇದು ಹಿಂದಿನ ಆದಾಯವೇ ಆಗಿದೆ. ಹಳೆಯ ಪದ್ಧತಿಯಲ್ಲಿ 2024–25ರ ತೆರಿಗೆ ಹೀಗಾಗುತ್ತದೆ: 2.5 ರಿಂದ 5 ಲಕ್ಷದ ಭಾಗಕ್ಕೆ 12,500, 5 ರಿಂದ 10 ಲಕ್ಷದ ಭಾಗಕ್ಕೆ 1,00,000, ಉಳಿದ 8,15,000 ರೂಪಾಯಿಗೆ ಶೇಕಡಾ 30ರಂತೆ 2,44,500. ಒಟ್ಟು 3,57,000 ರೂಪಾಯಿ. ಆದಾಯವು 1.8 ಪಟ್ಟು ಆಗಿದ್ದರೆ ತೆರಿಗೆಯು ಸುಮಾರು 2.75 ಪಟ್ಟು ಆಗಿದೆ. ಸರಾಸರಿ ದರ ಶೇಕಡಾ 19.7ಕ್ಕೆ ಏರಿದೆ.

2012–13ರ ಸ್ಲ್ಯಾಬ್‌ಗಳನ್ನು ಸೂಚ್ಯಂಕಕ್ಕೆ ಜೋಡಿಸಿದ್ದರೆ ತೆರಿಗೆಯೂ ಆದಾಯದಷ್ಟೇ ಏರಿ 2,35,950 ರೂಪಾಯಿ ಆಗಬೇಕಿತ್ತು. ವ್ಯತ್ಯಾಸವಾದ 1,21,050 ರೂಪಾಯಿಯು ಬ್ರ್ಯಾಕೆಟ್ ಕ್ರೀಪ್‌ನ ನಿವ್ವಳ ಪರಿಣಾಮವಾಗಿದೆ. 2014 ಮತ್ತು 2017ರ ಬದಲಾವಣೆಗಳು ಈ ವ್ಯಕ್ತಿಗೆ ಉಳಿಸಿಕೊಟ್ಟದ್ದು 17,500 ರೂಪಾಯಿ; ಅವು ಇಲ್ಲದಿದ್ದರೆ ವ್ಯತ್ಯಾಸವು 1,38,550 ರೂಪಾಯಿ ಆಗುತ್ತಿತ್ತು. ತೆರಿಗೆ ಕಳೆದು ಕೈಗೆ ಉಳಿದ ಹಣವನ್ನು 2012–13ರ ಬೆಲೆಗಳಿಗೆ ಇಳಿಸಿದರೆ ಅದು 8,70,000 ರೂಪಾಯಿಯಿಂದ ಸುಮಾರು 8,03,300 ರೂಪಾಯಿಗೆ ಕುಸಿದಿರುವುದು ಕಾಣುತ್ತದೆ. ಸಂಬಳವು ಬೆಲೆಗಳಿಗೆ ಸರಿಸಮನಾಗಿ ಏರಿದ್ದರೂ ಜೀವನಮಟ್ಟ ಇಳಿದಿದೆ.

### ಆದಾಯ ವರ್ಗಗಳ ಮೇಲಿನ ಪರಿಣಾಮ

ಇದೇ ಲೆಕ್ಕವನ್ನು ಬೇರೆ ಬೇರೆ ಆದಾಯಗಳಿಗೆ ಮಾಡಿದಾಗ ಹೊರೆಯು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದು ತಿಳಿಯುತ್ತದೆ. ಕೆಳಗಿನ ಕೋಷ್ಟಕದಲ್ಲಿ ಸೆಸ್ ಮತ್ತು ಸರ್‌ಚಾರ್ಜ್‌ಗಳನ್ನು ಸೇರಿಸಿಲ್ಲ. 2024–25ರ ಲೆಕ್ಕ ಹಳೆಯ ಪದ್ಧತಿಯದು.

| 2012–13ರ ಆದಾಯ (ರೂ.) | ತೆರಿಗೆ (ರೂ.) | ಸರಾಸರಿ ದರ | 2024–25ರ ಸಮಾನ ಆದಾಯ (ರೂ.) | ತೆರಿಗೆ (ರೂ.) | ಸರಾಸರಿ ದರ |
|---|---|---|---|---|---|
| 5,00,000 | 30,000 | ಶೇ. 6.0 | 9,07,500 | 94,000 | ಶೇ. 10.4 |
| 10,00,000 | 1,30,000 | ಶೇ. 13.0 | 18,15,000 | 3,57,000 | ಶೇ. 19.7 |
| 1,00,00,000 | 28,30,000 | ಶೇ. 28.3 | 1,81,50,000 | 52,57,500 | ಶೇ. 29.0 |

ಒಂದು ಕೋಟಿ ರೂಪಾಯಿ ಆದಾಯದವರ ಹಣದ ಬಹುಪಾಲು ಮೊದಲೇ ಅತ್ಯಧಿಕ ಸ್ಲ್ಯಾಬ್‌ನಲ್ಲಿತ್ತು. ಅವರನ್ನು ತಳ್ಳಲು ಮೇಲೆ ಬೇರೊಂದು ಸ್ಲ್ಯಾಬ್ ಇರಲಿಲ್ಲವಾದ್ದರಿಂದ ಅವರ ಸರಾಸರಿ ದರವು ಒಂದು ಅಂಶಕ್ಕಿಂತಲೂ ಕಡಿಮೆ ಏರಿತು. ಮಧ್ಯಮ ಆದಾಯದವರು ಸ್ಲ್ಯಾಬ್‌ಗಳ ನಡುವೆ ಇರುವುದರಿಂದ ಅವರ ದರವು ಆರಕ್ಕೂ ಹೆಚ್ಚು ಅಂಶಗಳಷ್ಟು ಏರಿತು. 5 ಲಕ್ಷದವರಿಗೆ ಕೆಳ ಸ್ಲ್ಯಾಬ್‌ನ ದರವನ್ನು ಅರ್ಧಕ್ಕೆ ಇಳಿಸಿದ ನಂತರವೂ ಹೊರೆ ಹೆಚ್ಚಿತು. ಹೀಗೆ ಬ್ರ್ಯಾಕೆಟ್ ಕ್ರೀಪ್ ಒಟ್ಟು ತೆರಿಗೆಯನ್ನು ಹೆಚ್ಚಿಸುವುದಲ್ಲದೆ ಅದರ ಹಂಚಿಕೆಯನ್ನೂ ಬದಲಾಯಿಸುತ್ತದೆ. ಕಾಲಕ್ರಮೇಣ ಮಧ್ಯಮ ಆದಾಯದವರೂ ಶ್ರೀಮಂತರೂ ಒಂದೇ ದರಕ್ಕೆ ಹತ್ತಿರವಾಗುತ್ತಾರೆ.

### ಹೊಸ ಪದ್ಧತಿಯ ಸ್ಲ್ಯಾಬ್‌ಗಳು

2020ರ ಬಜೆಟ್‌ನಲ್ಲಿ ಬಹುತೇಕ ಕಡಿತಗಳನ್ನು ಬಿಟ್ಟುಕೊಡುವವರಿಗಾಗಿ ಹೊಸ ತೆರಿಗೆ ಪದ್ಧತಿಯನ್ನು ಜಾರಿಗೆ ತರಲಾಯಿತು. 2024–25ಕ್ಕೆ ಅದರ ಸ್ಲ್ಯಾಬ್‌ಗಳು 3 ಲಕ್ಷದವರೆಗೆ ತೆರಿಗೆಯಿಲ್ಲ, 7 ಲಕ್ಷದವರೆಗೆ ಶೇಕಡಾ 5, 10 ಲಕ್ಷದವರೆಗೆ ಶೇಕಡಾ 10, 12 ಲಕ್ಷದವರೆಗೆ ಶೇಕಡಾ 15, 15 ಲಕ್ಷದವರೆಗೆ ಶೇಕಡಾ 20 ಮತ್ತು ಅದಕ್ಕೆ ಮೇಲ್ಪಟ್ಟು ಶೇಕಡಾ 30 ಎಂದಿದ್ದವು. ಇದರ ಪ್ರಕಾರ 18,15,000 ರೂಪಾಯಿ ತೆರಿಗೆಯೋಗ್ಯ ಆದಾಯಕ್ಕೆ 2,34,500 ರೂಪಾಯಿ ತೆರಿಗೆ ಬರುತ್ತದೆ. ಸೂಚ್ಯಂಕಕ್ಕೆ ಜೋಡಿಸಿದ್ದರೆ ಬರುತ್ತಿದ್ದ 2,35,950 ರೂಪಾಯಿಗೆ ಇದು ಬಹಳ ಹತ್ತಿರದಲ್ಲಿದೆ.

ಆದರೆ ಈ ಹೋಲಿಕೆಯನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ. 2012–13ರ 10 ಲಕ್ಷವು ಭವಿಷ್ಯ ನಿಧಿ, ಜೀವ ವಿಮೆ, ಮನೆ ಸಾಲದ ಬಡ್ಡಿ ಮುಂತಾದ ಕಡಿತಗಳ ನಂತರದ ಮೊತ್ತವಾಗಿತ್ತು. ಹೊಸ ಪದ್ಧತಿಯಲ್ಲಿ ಅಂತಹ ಬಹುತೇಕ ಕಡಿತಗಳಿಗೆ ಅವಕಾಶವಿಲ್ಲದಿರುವುದರಿಂದ, ಅವುಗಳನ್ನು ಬಳಸುತ್ತಿದ್ದವರ ತೆರಿಗೆಯೋಗ್ಯ ಆದಾಯವೇ ಹೆಚ್ಚಾಗುತ್ತದೆ. ಜೊತೆಗೆ, ನಡುವಿನ ವರ್ಷಗಳಲ್ಲಿ ಹೆಚ್ಚುವರಿಯಾಗಿ ಕಟ್ಟಿದ ತೆರಿಗೆಯನ್ನು ನಂತರದ ಪರಿಷ್ಕರಣೆಯು ಹಿಂದಿರುಗಿಸುವುದಿಲ್ಲ. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯ ಸ್ಲ್ಯಾಬ್‌ಗಳನ್ನು ಮತ್ತೆ ವಿಸ್ತರಿಸಿ, 4 ಲಕ್ಷದವರೆಗೆ ತೆರಿಗೆಯಿಲ್ಲದಂತೆಯೂ ಶೇಕಡಾ 30ರ ದರ 24 ಲಕ್ಷದ ಮೇಲೆ ಆರಂಭವಾಗುವಂತೆಯೂ ಮಾಡಲಾಯಿತು. ಈ ಮಿತಿಗಳೂ ನಿಗದಿತ ರೂಪಾಯಿಗಳಲ್ಲಿಯೇ ಇರುವುದರಿಂದ, ಮುಂದಿನ ಪರಿಷ್ಕರಣೆಯವರೆಗೆ ಹಣದುಬ್ಬರವು ಅವುಗಳನ್ನೂ ಸವೆಸುತ್ತದೆ.

## ರಿಬೇಟ್ ಮಿತಿಯ ಅಂಚು

ಮಿತಿಯನ್ನು ದಾಟಿದ ಹಣಕ್ಕೆ ಮಾತ್ರ ಹೆಚ್ಚು ತೆರಿಗೆ ಎಂಬ ನಿಯಮಕ್ಕೆ ಒಂದು ಮುಖ್ಯ ಅಪವಾದವಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 87ಎ ಪ್ರಕಾರ ಹಳೆಯ ಪದ್ಧತಿಯಲ್ಲಿ 5 ಲಕ್ಷ ರೂಪಾಯಿವರೆಗೆ ತೆರಿಗೆಯೋಗ್ಯ ಆದಾಯವಿರುವವರಿಗೆ 12,500 ರೂಪಾಯಿವರೆಗಿನ ತೆರಿಗೆಯನ್ನು ಪೂರ್ಣವಾಗಿ ಬಿಡಲಾಗುತ್ತಿತ್ತು. ಈ ಮಿತಿಯನ್ನು 2019–20ರಿಂದ ಜಾರಿಗೆ ತರಲಾಯಿತು. ಆದಾಯವು 5 ಲಕ್ಷವನ್ನು ಸ್ವಲ್ಪ ದಾಟಿದರೂ ರಿಬೇಟ್ ಸಂಪೂರ್ಣವಾಗಿ ತಪ್ಪಿಹೋಗುತ್ತದೆ.

4,99,000 ರೂಪಾಯಿ ತೆರಿಗೆಯೋಗ್ಯ ಆದಾಯವಿದ್ದವರಿಗೆ ರಿಬೇಟ್ ಕಾರಣದಿಂದ ತೆರಿಗೆ ಇರುವುದಿಲ್ಲ. ಬೆಲೆ ಏರಿಕೆಗೆ ಪರಿಹಾರವಾಗಿ ಆದಾಯವು ಶೇಕಡಾ 3ರಷ್ಟು, ಅಂದರೆ 14,970 ರೂಪಾಯಿಯಷ್ಟು ಏರಿದರೆ ಅದು 5,13,970 ರೂಪಾಯಿ ಆಗುತ್ತದೆ. ಆಗ ತೆರಿಗೆ 12,500 ಮತ್ತು 2,794 ಸೇರಿ 15,294 ರೂಪಾಯಿ. ಏರಿಕೆಯ ಇಡೀ ಮೊತ್ತವೂ ತೆರಿಗೆಯಲ್ಲಿ ಕರಗಿ, ಸೆಸ್ ಸೇರಿಸುವ ಮೊದಲೇ ಕೈಗೆ ಬರುವ ಹಣವು ಹಿಂದಿಗಿಂತ 324 ರೂಪಾಯಿ ಕಡಿಮೆಯಾಗುತ್ತದೆ. ಹೊಸ ಪದ್ಧತಿಯಲ್ಲಿ ರಿಬೇಟ್ ಮಿತಿಯನ್ನು ಸ್ವಲ್ಪ ದಾಟಿದವರಿಗೆ, ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಬೀಳದಂತೆ ಅಂಚಿನ ರಿಯಾಯಿತಿಯನ್ನು 2023–24ರಿಂದ ನೀಡಲಾಗಿದೆ. ಹಳೆಯ ಪದ್ಧತಿಯಲ್ಲಿ ಈ ರಿಬೇಟ್‌ಗೆ ಅಂತಹ ರಿಯಾಯಿತಿ ಇರಲಿಲ್ಲ.

## ಸೂಚ್ಯಂಕ ಜೋಡಣೆಯ ವಿಧಾನ

ಸ್ಲ್ಯಾಬ್‌ಗಳನ್ನು ಸೂಚ್ಯಂಕಕ್ಕೆ ಜೋಡಿಸುವ ಲೆಕ್ಕ ಸರಳವಾಗಿದೆ. ಮೂಲ ವರ್ಷದ ಪ್ರತಿಯೊಂದು ಮಿತಿಯನ್ನು ಎರಡು ವರ್ಷಗಳ ಸೂಚ್ಯಂಕಗಳ ಅನುಪಾತದಿಂದ ಗುಣಿಸಲಾಗುತ್ತದೆ:

```
ಹೊಸ ಮಿತಿ = ಮೂಲ ಮಿತಿ × (ಈ ವರ್ಷದ ಸೂಚ್ಯಂಕ ÷ ಮೂಲ ವರ್ಷದ ಸೂಚ್ಯಂಕ)
10,00,000 × (363 ÷ 200) = 18,15,000
```

ಇದೇ ರೀತಿ 2012–13ರ 2 ಲಕ್ಷದ ಮಿತಿಯು 3,63,000 ರೂಪಾಯಿಗೂ 5 ಲಕ್ಷದ ಮಿತಿಯು 9,07,500 ರೂಪಾಯಿಗೂ ಏರುತ್ತದೆ. ದರಗಳು ಬದಲಾಗುವುದಿಲ್ಲ. 18,15,000 ರೂಪಾಯಿ ಆದಾಯವು ಆಗ ಶೇಕಡಾ 30ರ ಸ್ಲ್ಯಾಬ್‌ನ ಅಂಚಿನಲ್ಲಿಯೇ ನಿಲ್ಲುತ್ತದೆ ಮತ್ತು ಸರಾಸರಿ ದರ ಮತ್ತೆ ಶೇಕಡಾ 13 ಆಗುತ್ತದೆ.

ಸೂಚ್ಯಂಕ ಜೋಡಣೆಯು ತೆರಿಗೆ ಕಡಿತವಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಅದು ಕೊಳ್ಳುವ ಶಕ್ತಿ ಬದಲಾಗದವರ ಸರಾಸರಿ ದರವನ್ನು ಇದ್ದಲ್ಲಿಯೇ ಇರಿಸುತ್ತದೆ. ಯಾರ ಆದಾಯವು ಬೆಲೆಗಳಿಗಿಂತ ವೇಗವಾಗಿ ಏರುತ್ತದೆಯೋ ಅವರು ಆಗಲೂ ಮೇಲಿನ ಸ್ಲ್ಯಾಬ್‌ಗೆ ಹೋಗುತ್ತಾರೆ. ಅದು ಏರುವ ದರಗಳ ತೆರಿಗೆ ಪದ್ಧತಿಯ ಉದ್ದೇಶವೇ ಆಗಿದೆ.

ಯಾವ ಸೂಚ್ಯಂಕವನ್ನು ಬಳಸಬೇಕು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. ಭಾರತದ ವೆಚ್ಚ ಹಣದುಬ್ಬರ ಸೂಚ್ಯಂಕವು ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಹಿಂದಿನ ವರ್ಷ ಆದ ಸರಾಸರಿ ಏರಿಕೆಯ ಶೇಕಡಾ 75ರಷ್ಟನ್ನು ಮಾತ್ರ ಪರಿಗಣಿಸುತ್ತದೆ. ಬೆಲೆಗಳು ಶೇಕಡಾ 8ರಷ್ಟು ಏರಿದ್ದರೆ ಈ ಸೂಚ್ಯಂಕವು ಸುಮಾರು ಶೇಕಡಾ 6ರಷ್ಟು ಏರುತ್ತದೆ. ಆದ್ದರಿಂದ ಮೇಲಿನ ಲೆಕ್ಕಗಳು ಬ್ರ್ಯಾಕೆಟ್ ಕ್ರೀಪ್‌ನ ಪ್ರಮಾಣವನ್ನು ಇರುವುದಕ್ಕಿಂತ ಕಡಿಮೆಯಾಗಿಯೇ ತೋರಿಸುತ್ತವೆ. ಬಂಡವಾಳ ಲಾಭದಲ್ಲಿ ಹಣದುಬ್ಬರದ ಪಾಲನ್ನು ಕಳೆಯಲು ದಶಕಗಳ ಕಾಲ ಈ ಸೂಚ್ಯಂಕವನ್ನು ಬಳಸಿದ ಭಾರತದ ಕಾನೂನು, ಸಂಬಳದ ಸ್ಲ್ಯಾಬ್‌ಗಳಿಗೆ ಅದನ್ನು ಅನ್ವಯಿಸಲಿಲ್ಲ. 2024ರ ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭಕ್ಕೂ ಈ ಸೌಲಭ್ಯವನ್ನು ತೆಗೆದು, ಶೇಕಡಾ 12.5ರ ದರವನ್ನು ನಿಗದಿಪಡಿಸಲಾಯಿತು. ಆ ದಿನಾಂಕಕ್ಕೆ ಮೊದಲು ಖರೀದಿಸಿದ ಭೂಮಿ ಮತ್ತು ಕಟ್ಟಡಗಳ ವಿಷಯದಲ್ಲಿ ನಿವಾಸಿ ವ್ಯಕ್ತಿಗಳಿಗೆ ಹಾಗೂ ಹಿಂದೂ ಅವಿಭಕ್ತ ಕುಟುಂಬಗಳಿಗೆ ಹಳೆಯ ಲೆಕ್ಕದ ಆಯ್ಕೆಯನ್ನು ಉಳಿಸಲಾಗಿದೆ.

## ಇತರ ದೇಶಗಳಲ್ಲಿ

### ಅಮೆರಿಕ ಸಂಯುಕ್ತ ಸಂಸ್ಥಾನ

1970ರ ದಶಕದ ತೀವ್ರ ಹಣದುಬ್ಬರದ ಕಾಲದಲ್ಲಿ ಅಮೆರಿಕದ ಕೇಂದ್ರ ಆದಾಯ ತೆರಿಗೆಯಲ್ಲಿ ಹತ್ತಕ್ಕೂ ಹೆಚ್ಚು ಸ್ಲ್ಯಾಬ್‌ಗಳಿದ್ದವು ಮತ್ತು ಗರಿಷ್ಠ ದರ ಶೇಕಡಾ 70 ಇತ್ತು. ಸ್ಲ್ಯಾಬ್‌ಗಳು ಕಿರಿದಾಗಿದ್ದುದರಿಂದ ಸಾಧಾರಣ ಸಂಬಳ ಏರಿಕೆಯೂ ಕುಟುಂಬಗಳನ್ನು ಮೇಲಿನ ದರಕ್ಕೆ ತಳ್ಳುತ್ತಿತ್ತು. ರೊನಾಲ್ಡ್ ರೇಗನ್ ಅವರು 1981ರ ಆಗಸ್ಟ್‌ನಲ್ಲಿ ಸಹಿ ಹಾಕಿದ ತೆರಿಗೆ ಕಾಯ್ದೆಯು ದರಗಳನ್ನು ಇಳಿಸಿದ್ದಲ್ಲದೆ, 1985ರಿಂದ ಸ್ಲ್ಯಾಬ್‌ಗಳನ್ನು ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಜೋಡಿಸಬೇಕೆಂದು ವಿಧಿಸಿತು. ಅಂದಿನಿಂದ ಮುಂದಿನ ವರ್ಷದ ಮಿತಿಗಳನ್ನು ಅಲ್ಲಿನ ತೆರಿಗೆ ಇಲಾಖೆಯು ಲೆಕ್ಕ ಹಾಕಿ ಪ್ರಕಟಿಸುತ್ತದೆ. ಇದಕ್ಕೆ ಪ್ರತಿ ವರ್ಷ ಹೊಸ ಕಾನೂನು ಬೇಕಾಗುವುದಿಲ್ಲ. ಹಣದುಬ್ಬರ ಹೆಚ್ಚಾಗಿದ್ದ ಕಾರಣ ಅವಿವಾಹಿತರಿಗೆ ಶೇಕಡಾ 22ರ ದರ ಆರಂಭವಾಗುವ ಮಿತಿಯು 2022ರ 41,775 ಡಾಲರ್‌ನಿಂದ 2023ರಲ್ಲಿ 44,725 ಡಾಲರ್‌ಗೆ, ಅಂದರೆ ಸುಮಾರು ಶೇಕಡಾ 7ರಷ್ಟು ಏರಿತು.

ಎಲ್ಲ ಮಿತಿಗಳನ್ನೂ ಜೋಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕದಲ್ಲಿ ನಿದರ್ಶನವಿದೆ. ಸಾಮಾಜಿಕ ಭದ್ರತಾ ಪಿಂಚಣಿಯ ಮೇಲೆ ತೆರಿಗೆ ವಿಧಿಸಲು 1983ರ ಕಾನೂನು ಒಂಟಿ ವ್ಯಕ್ತಿಗೆ 25,000 ಡಾಲರ್ ಹಾಗೂ ದಂಪತಿಗೆ 32,000 ಡಾಲರ್ ಮಿತಿಯನ್ನು ನಿಗದಿಪಡಿಸಿತು. ಪಿಂಚಣಿಯು ಬೆಲೆಗಳಿಗೆ ಅನುಗುಣವಾಗಿ ಏರುತ್ತದೆ. ಈ ಮಿತಿಗಳು ಏರುವುದಿಲ್ಲ. ಹೀಗಾಗಿ ಆರಂಭದಲ್ಲಿ ಹೆಚ್ಚು ಆದಾಯದ ಪಿಂಚಣಿದಾರರಿಗೆ ಸೀಮಿತವಾಗಿದ್ದ ತೆರಿಗೆಯು ವರ್ಷಗಳು ಕಳೆದಂತೆ ಸಾಧಾರಣ ಆದಾಯದವರನ್ನೂ ಒಳಗೊಂಡಿತು.

### ಕೆನಡಾ

ಕೆನಡಾ 1974ರಲ್ಲಿ ಪೂರ್ಣ ಸೂಚ್ಯಂಕ ಜೋಡಣೆಯನ್ನು ಆರಂಭಿಸಿತು. 1986ರಲ್ಲಿ ಅದನ್ನು ಭಾಗಶಃ ಕಡಿತಗೊಳಿಸಿ, ಹಣದುಬ್ಬರವು ಶೇಕಡಾ 3ನ್ನು ಮೀರಿದಷ್ಟಕ್ಕೆ ಮಾತ್ರ ಮಿತಿಗಳನ್ನು ಏರಿಸುವ ನಿಯಮವನ್ನು ತರಲಾಯಿತು. ಹಣದುಬ್ಬರ ಶೇಕಡಾ 5 ಇದ್ದರೆ ಮಿತಿಗಳು ಶೇಕಡಾ 2ರಷ್ಟು ಏರುತ್ತಿದ್ದವು. ಶೇಕಡಾ 2 ಇದ್ದರೆ ಏರುತ್ತಲೇ ಇರಲಿಲ್ಲ. 1990ರ ದಶಕದಲ್ಲಿ ಹಣದುಬ್ಬರವು ಶೇಕಡಾ 3ಕ್ಕಿಂತ ಕೆಳಗಿಳಿದಾಗ ಸ್ಲ್ಯಾಬ್‌ಗಳು ವರ್ಷಗಟ್ಟಲೆ ಸ್ಥಗಿತಗೊಂಡವು. ಹಣದುಬ್ಬರ ಕಡಿಮೆಯಾಗಿರುವಾಗಲೂ ಬ್ರ್ಯಾಕೆಟ್ ಕ್ರೀಪ್ ನಿಲ್ಲುವುದಿಲ್ಲ, ನಿಧಾನವಾಗಿ ಕೂಡುತ್ತಾ ಹೋಗುತ್ತದೆ ಎಂಬುದಕ್ಕೆ ಇದು ಉದಾಹರಣೆಯಾಗಿದೆ. 2000ದಲ್ಲಿ ಪೂರ್ಣ ಜೋಡಣೆಯನ್ನು ಮರಳಿ ತರಲಾಯಿತು.

### ಬ್ರಿಟನ್

ಬ್ರಿಟನ್ನಿನಲ್ಲಿ 1977ರಲ್ಲಿ ಲೇಬರ್ ಪಕ್ಷದ ಸಂಸದರಾದ ಜೆಫ್ ರೂಕರ್ ಮತ್ತು ಆಡ್ರೆ ವೈಸ್ ಅವರು ತಮ್ಮದೇ ಪಕ್ಷದ ಸರ್ಕಾರದ ಹಣಕಾಸು ಮಸೂದೆಗೆ ತಿದ್ದುಪಡಿ ತಂದು, ವೈಯಕ್ತಿಕ ವಿನಾಯಿತಿಯು ಬೆಲೆಗಳೊಂದಿಗೆ ಏರುವಂತೆ ಮಾಡಿದರು. ಸಂಸತ್ತು ಬೇರೆ ರೀತಿಯಲ್ಲಿ ತೀರ್ಮಾನಿಸದಿದ್ದರೆ ಮಿತಿಯು ತಾನಾಗಿಯೇ ಏರಬೇಕು ಎಂಬುದು ಇದರ ತಿರುಳು. ಇದು ಏರಿಕೆಯನ್ನು ಖಾತ್ರಿಪಡಿಸುವುದಿಲ್ಲ. ಏರಿಕೆಯನ್ನು ತಡೆಯಬೇಕಾದ ಸರ್ಕಾರವು ಅದನ್ನು ಬಹಿರಂಗವಾಗಿ ಹೇಳಿ ಸಂಸತ್ತಿನ ಒಪ್ಪಿಗೆ ಪಡೆಯುವಂತೆ ಮಾಡುತ್ತದೆ. 2021ರಲ್ಲಿ ಸರ್ಕಾರವು 12,570 ಪೌಂಡ್‌ಗಳ ವಿನಾಯಿತಿಯನ್ನೂ ಶೇಕಡಾ 40ರ ದರ ಆರಂಭವಾಗುವ 50,270 ಪೌಂಡ್‌ಗಳ ಮಿತಿಯನ್ನೂ 2026ರವರೆಗೆ ಸ್ಥಗಿತಗೊಳಿಸುವುದಾಗಿ ಪ್ರಕಟಿಸಿ, ನಂತರ ಅದನ್ನು 2028ರವರೆಗೆ ವಿಸ್ತರಿಸಿತು. ದರಗಳನ್ನು ಏರಿಸದೆ ವರಮಾನವನ್ನು ಹೆಚ್ಚಿಸುವ ಈ ಕ್ರಮವು ಅಲ್ಲಿ ವ್ಯಾಪಕ ಚರ್ಚೆಗೆ ಒಳಗಾಯಿತು.

## ಪರ ಮತ್ತು ವಿರೋಧ ವಾದಗಳು

ಸೂಚ್ಯಂಕ ಜೋಡಣೆಯನ್ನು ಬೆಂಬಲಿಸುವವರ ಮುಖ್ಯ ವಾದವು ಸಂವಿಧಾನಾತ್ಮಕ ಸ್ವರೂಪದ್ದು. ತೆರಿಗೆಯನ್ನು ಏರಿಸುವ ನಿರ್ಧಾರವನ್ನು ಶಾಸಕಾಂಗವು ಚರ್ಚಿಸಿ ಕೈಗೊಳ್ಳಬೇಕು, ಅದು ಬೆಲೆ ಏರಿಕೆಯ ಉಪಪರಿಣಾಮವಾಗಿ ಸಂಭವಿಸಬಾರದು ಎಂಬುದು ಅವರ ನಿಲುವು. ಜೋಡಣೆ ಇಲ್ಲದಿರುವಲ್ಲಿ ಸರ್ಕಾರಗಳು ಕೆಲವು ವರ್ಷಗಳ ಬ್ರ್ಯಾಕೆಟ್ ಕ್ರೀಪ್‌ನಿಂದ ಬಂದ ವರಮಾನದ ಒಂದು ಭಾಗವನ್ನು ಹಿಂದಿರುಗಿಸಿ ಅದನ್ನು ತೆರಿಗೆ ವಿನಾಯಿತಿ ಎಂದು ಪ್ರಕಟಿಸಲು ಸಾಧ್ಯವಾಗುತ್ತದೆ.

ವಿರೋಧಿಸುವವರು ಆರ್ಥಿಕ ಸ್ಥಿರತೆಯ ಅಂಶವನ್ನು ಮುಂದಿಡುತ್ತಾರೆ. ಬೆಲೆಗಳು ವೇಗವಾಗಿ ಏರುತ್ತಿರುವಾಗ ಹೆಚ್ಚುವರಿ ತೆರಿಗೆಯು ಜನರ ಖರ್ಚನ್ನು ತಗ್ಗಿಸಿ ಹಣದುಬ್ಬರಕ್ಕೆ ಸ್ವಲ್ಪ ಕಡಿವಾಣ ಹಾಕುತ್ತದೆ. ಜೋಡಣೆಯು ಈ ಗುಣವನ್ನು ಕುಂದಿಸುತ್ತದೆ. ಸರ್ಕಾರದ ವೆಚ್ಚವೂ ಬೆಲೆಗಳೊಂದಿಗೆ ಏರುವುದರಿಂದ ಬಜೆಟ್ ರೂಪಿಸುವವರಿಗೆ ಸ್ವಾತಂತ್ರ್ಯ ಬೇಕು ಎಂಬ ವಾದವೂ ಇದೆ. ಆದರೆ ಜೋಡಣೆಯಾದ ನಂತರವೂ ವರಮಾನವು ಬೆಲೆಗಳಿಗೆ ಸರಿಸಮನಾಗಿ ಏರುತ್ತದೆ. ಅದಕ್ಕಿಂತ ವೇಗವಾಗಿ ಏರುವ ಹೆಚ್ಚುವರಿ ಭಾಗ ಮಾತ್ರ ನಿಲ್ಲುತ್ತದೆ.

## ಜೋಡಣೆಯ ಮಿತಿಗಳು

ಸೂಚ್ಯಂಕ ಜೋಡಣೆಯು ಹಿಂದಿನ ಅವಧಿಯ ಬೆಲೆಗಳನ್ನು ಆಧರಿಸಿರುವುದರಿಂದ ಹಣದುಬ್ಬರವು ಹಠಾತ್ತನೆ ಏರಿದಾಗ ಮಿತಿಗಳು ಒಂದು ವರ್ಷದಷ್ಟು ಹಿಂದೆ ಬೀಳುತ್ತವೆ. ಸೂಚ್ಯಂಕದ ಆಯ್ಕೆಯೂ ಪರಿಣಾಮ ಬೀರುತ್ತದೆ. ಅಮೆರಿಕವು 2017ರ ಕಾನೂನಿನ ಮೂಲಕ ಸರಪಳಿ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಬದಲಾಯಿಸಿಕೊಂಡಿತು. ಬೆಲೆ ಏರಿದ ವಸ್ತುವಿನ ಬದಲು ಜನರು ಅಗ್ಗದ ವಸ್ತುವನ್ನು ಕೊಳ್ಳುವುದನ್ನು ಗಣಿಸುವ ಈ ಸೂಚ್ಯಂಕವು ಸಾಮಾನ್ಯವಾಗಿ ಹಳೆಯದಕ್ಕಿಂತ ನಿಧಾನವಾಗಿ ಏರುತ್ತದೆ. ಆದ್ದರಿಂದ ಮಿತಿಗಳೂ ನಿಧಾನವಾಗಿ ಏರುತ್ತವೆ.

ಸ್ಲ್ಯಾಬ್‌ಗಳನ್ನು ಮಾತ್ರ ಜೋಡಿಸಿ ಕಡಿತ ಹಾಗೂ ವಿನಾಯಿತಿಗಳ ಮಿತಿಗಳನ್ನು ಹಾಗೆಯೇ ಬಿಟ್ಟರೆ ತೆರಿಗೆಯೋಗ್ಯ ಆದಾಯವು ಬೇರೆ ದಾರಿಯಿಂದ ಏರುತ್ತದೆ. ಭಾರತದಲ್ಲಿ ಸೆಕ್ಷನ್ 80ಸಿ ಅಡಿಯ ಉಳಿತಾಯ ಕಡಿತದ ಮಿತಿಯನ್ನು 2014ರಲ್ಲಿ 1.5 ಲಕ್ಷ ರೂಪಾಯಿಗೆ ಏರಿಸಿದ ಮೇಲೆ ಹತ್ತು ವರ್ಷ ಕಳೆದರೂ ಬದಲಾಯಿಸಲಿಲ್ಲ. ಮಕ್ಕಳ ಶಿಕ್ಷಣ ಭತ್ಯೆಗೆ ಹಳೆಯ ಪದ್ಧತಿಯಲ್ಲಿದ್ದ ವಿನಾಯಿತಿಯು ದಶಕಗಳ ಕಾಲ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿಯಷ್ಟೇ ಆಗಿತ್ತು. ರಾಜ್ಯಗಳ ತೆರಿಗೆಗಳಲ್ಲಿಯೂ ಇದೇ ಸ್ವರೂಪ ಕಾಣುತ್ತದೆ. ಕರ್ನಾಟಕದಲ್ಲಿ ಸಂಬಳದಾರರು ವೃತ್ತಿ ತೆರಿಗೆ ಕಟ್ಟಬೇಕಾದ ಮಾಸಿಕ ಸಂಬಳದ ಮಿತಿಯನ್ನು 2023ರ ಏಪ್ರಿಲ್‌ನಿಂದ 15,000 ರೂಪಾಯಿಯಿಂದ 25,000 ರೂಪಾಯಿಗೆ ಏರಿಸಿದ್ದು ಸೂಚ್ಯಂಕದ ನಿಯಮದಿಂದಲ್ಲ, ಶಾಸನದ ತಿದ್ದುಪಡಿಯಿಂದ.

ಮೊತ್ತದಲ್ಲಿ ನಿಗದಿಯಾದ ತೆರಿಗೆಗಳ ಮೇಲೆ ಹಣದುಬ್ಬರವು ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ವೃತ್ತಿ ತೆರಿಗೆಗೆ ಸಂವಿಧಾನದ 276ನೇ ವಿಧಿಯು 1988ರಲ್ಲಿ ನಿಗದಿಪಡಿಸಿದ ವಾರ್ಷಿಕ ಗರಿಷ್ಠ ಮೊತ್ತ 2,500 ರೂಪಾಯಿ. ಬೆಲೆಗಳು ಏರಿದಂತೆ ಈ ಮೊತ್ತದ ನೈಜ ಹೊರೆ ಇಳಿಯುತ್ತಾ ಬಂದಿದೆ. ಅಂದರೆ ಕಾನೂನಿನಲ್ಲಿ ರೂಪಾಯಿಯಲ್ಲಿ ಬರೆದಿಟ್ಟ ಸಂಖ್ಯೆಯು ತೆರಿಗೆಯ ಮೊತ್ತವಾಗಿದ್ದರೆ ಹಣದುಬ್ಬರವು ತೆರಿಗೆದಾರರಿಗೆ ಅನುಕೂಲಕರ. ಅದು ತೆರಿಗೆ ಆರಂಭವಾಗುವ ಮಿತಿಯಾಗಿದ್ದರೆ ಸರ್ಕಾರಕ್ಕೆ ಅನುಕೂಲಕರ.

## ಗುರುತಿಸುವ ಕ್ರಮ

ಒಂದು ತೆರಿಗೆ ಪದ್ಧತಿಯಲ್ಲಿ ಬ್ರ್ಯಾಕೆಟ್ ಕ್ರೀಪ್ ಆಗಿದೆಯೇ ಎಂದು ತಿಳಿಯಲು ಎರಡು ವರ್ಷಗಳ ದರಪಟ್ಟಿಯನ್ನು ಅಕ್ಕಪಕ್ಕದಲ್ಲಿಟ್ಟರೆ ಸಾಲದು. ದರಗಳು ಇಳಿದಿದ್ದರೂ ಹೊರೆ ಏರಿರಬಹುದು. ಮೊದಲ ವರ್ಷದ ಒಂದು ಆದಾಯವನ್ನು ಬೆಲೆ ಸೂಚ್ಯಂಕದ ಅನುಪಾತದಿಂದ ಗುಣಿಸಿ ಎರಡನೆಯ ವರ್ಷದ ಸಮಾನ ಆದಾಯವನ್ನು ಕಂಡುಕೊಳ್ಳಬೇಕು. ಆಯಾ ವರ್ಷದ ನಿಯಮಗಳ ಪ್ರಕಾರ ಎರಡಕ್ಕೂ ತೆರಿಗೆ ಲೆಕ್ಕ ಹಾಕಿ ಸರಾಸರಿ ದರಗಳನ್ನು ಹೋಲಿಸಬೇಕು. ದರಗಳು ಸಮನಾಗಿದ್ದರೆ ಸ್ಲ್ಯಾಬ್‌ಗಳ ಪರಿಷ್ಕರಣೆಯು ಹಣದುಬ್ಬರವನ್ನು ಸರಿದೂಗಿಸಿದೆ ಎಂದರ್ಥ. ಎರಡನೆಯದು ಹೆಚ್ಚಿದ್ದರೆ, ಆ ಆದಾಯ ಮಟ್ಟದಲ್ಲಿ ತೆರಿಗೆಯು ನೈಜವಾಗಿ ಏರಿದೆ. ಒಂದು ಆದಾಯ ಮಟ್ಟದಲ್ಲಿ ಸರಿದೂಗಿದ್ದರೂ ಮತ್ತೊಂದರಲ್ಲಿ ಸರಿದೂಗದಿರಬಹುದಾದ್ದರಿಂದ ಈ ಹೋಲಿಕೆಯನ್ನು ಹಲವು ಆದಾಯಗಳಿಗೆ ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ.